ತುಪ್ಪಕ್ಕೊಂದು ಹೆಸರು

ತುಪ್ಪದ ಡಬ್ಬಿಗೆ ಹೆಸರಿಡಲು ಕುಳಿತವರಿಗೆಲ್ಲ ಮೊದಲು ಹೊಳೆಯುವುದು ಹೆಚ್ಚುಕಡಿಮೆ ಒಂದೇ ಬಗೆಯ ಪದಗಳು: ಗೋವು, ಕಾಮಧೇನು, ಸುರಭಿ, ಗೋಕುಲ, ಅಮೃತ, ಶುದ್ಧ. ಹಾಲು ತುಪ್ಪ ಎಂದೊಡನೆ ನಮ್ಮ ಮನಸ್ಸು ಪುರಾಣದ ಹಸುವಿನ ಕಡೆಗೆ, ಕೃಷ್ಣನ ಊರಿನ ಕಡೆಗೆ ಹೋಗುವುದು ಸಹಜ. ಆದರೆ ಆ ದಾರಿಯಲ್ಲಿ ಬಹಳ ಜನ ಆಗಲೇ ಹೋಗಿದ್ದಾರೆ. ವಸಿಷ್ಠರ ಆಶ್ರಮದ ಹಸು ನಂದಿನಿ ಕರ್ನಾಟಕ ಹಾಲು ಮಹಾಮಂಡಳದ ಹೆಸರಾಗಿದೆ. ಗೋಕುಲ ಕೊಲ್ಹಾಪುರದ ಹಾಲು ಒಕ್ಕೂಟದ ಗುರುತಾಗಿದೆ. ಗೋವರ್ಧನ ಎಂಬ ಹೆಸರಿನ ತುಪ್ಪವೂ ಅಂಗಡಿಯಲ್ಲಿದೆ. ಹೀಗಾಗಿ ಹೊಸಬರು ಎರಡು ಕಡೆಯಿಂದ ಸಿಕ್ಕಿಕೊಳ್ಳುತ್ತಾರೆ. ಪರಂಪರೆ ಸೂಚಿಸುವ ಹೆಸರು ಬೇರೆಯವರ ಹೆಸರಿಗೆ ತಾಗುತ್ತದೆ, ಶುದ್ಧತೆಯನ್ನು ನೇರವಾಗಿ ಹೇಳುವ ಹೆಸರು ಕಾನೂನಿನಲ್ಲಿ ನಿಲ್ಲುವುದಿಲ್ಲ.

ಎರಡನೆಯ ತೊಡಕನ್ನು ಮೊದಲು ನೋಡಬಹುದು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸರಕಿನ ಗುಣ, ಬಗೆ ಅಥವಾ ಹುಟ್ಟಿದ ಊರನ್ನು ಬರಿದೇ ಹೇಳುವ ಪದ ಒಬ್ಬರ ಸ್ವತ್ತಾಗಲಾರದು. ‘ಶುದ್ಧ ತುಪ್ಪ’, ‘ನಾಟಿ ತುಪ್ಪ’, ‘ಮಲೆನಾಡ ತುಪ್ಪ’ ಎನ್ನುವ ಹಕ್ಕು ತುಪ್ಪ ಮಾರುವ ಎಲ್ಲರಿಗೂ ಇರಬೇಕು ಎಂಬುದು ಇದರ ಹಿಂದಿನ ನ್ಯಾಯ. ಪದ ಕನ್ನಡದ್ದು, ಅಧಿಕಾರಿಗೆ ಅರ್ಥವಾಗದು ಎಂದು ಭಾವಿಸುವಂತಿಲ್ಲ. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಪದವಾದರೆ ಅದರ ಉಚ್ಚಾರವನ್ನೂ ಅರ್ಥವನ್ನೂ ಅರ್ಜಿಯಲ್ಲೇ ಬರೆದುಕೊಡಬೇಕು. ಬಹುಕಾಲ ಬಳಸಿ ಜನ ಆ ಪದವನ್ನು ಒಬ್ಬ ತಯಾರಕರದ್ದೆಂದೇ ಗುರುತಿಸುವಂತಾಗಿದ್ದರೆ ವಿನಾಯಿತಿ ಉಂಟು. ಹೊಸಬರ ಕೈಯಲ್ಲಿ ಅಂಥ ಪುರಾವೆ ಇರುವುದಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮ ಇನ್ನೊಂದು ತಡೆ. ಅದು ಶುದ್ಧ, ಸಹಜ, ತಾಜಾ, ಸಾಂಪ್ರದಾಯಿಕ, ಅಸಲಿ ಎಂಬಂಥ ಪದಗಳನ್ನು ಯಾವಾಗ ಬಳಸಬಹುದೆಂದು ಷರತ್ತು ಹಾಕುತ್ತದೆ. ‘ಸಾಂಪ್ರದಾಯಿಕ’ ಎನ್ನಬೇಕಾದರೆ ತಯಾರಿಕೆಯ ವಿಧಾನ ತಲೆಮಾರುಗಳಿಂದ ಹೆಚ್ಚಿನ ಬದಲಾವಣೆಯಿಲ್ಲದೆ ನಡೆದುಬಂದಿರಬೇಕು. ಬ್ರಾಂಡ್ ಹೆಸರಿನೊಳಗೇ ಇಂಥ ಪದ ಸೇರಿಕೊಂಡು ಕೊಳ್ಳುವವರನ್ನು ದಾರಿ ತಪ್ಪಿಸುವಂತಿದ್ದರೆ, ಇದು ಬರೀ ಬ್ರಾಂಡ್ ಹೆಸರು, ಪದಾರ್ಥದ ನಿಜ ಸ್ವರೂಪವನ್ನು ಹೇಳುವುದಿಲ್ಲ ಎಂಬ ಸೂಚನೆಯನ್ನು ಕನಿಷ್ಠ 3 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಲೇಬಲ್ ಮೇಲೆ ಹಾಕಬೇಕಾಗುತ್ತದೆ. ಶುದ್ಧ ಎಂದು ದೊಡ್ಡಕ್ಷರದಲ್ಲಿ ಬರೆದು ಅದೇ ಡಬ್ಬಿಯ ಮೇಲೆ ಅದನ್ನು ಅಲ್ಲಗಳೆಯುವ ಸಾಲು ಹಾಕುವುದಕ್ಕಿಂತ, ಆ ಪದವನ್ನು ಹೆಸರಿನಿಂದ ದೂರ ಇಡುವುದೇ ಲೇಸು.

ಇನ್ನು ಮೊದಲನೆಯ ತೊಡಕು, ಹೋಲಿಕೆ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ತುಪ್ಪವನ್ನು ಜನ ಅಂಗಡಿ ಕಟ್ಟೆಯ ಮುಂದೆ ನಿಂತು ಬಾಯಲ್ಲಿ ಕೇಳುತ್ತಾರೆ, ಮನೆಯ ಮಗುವಿನ ಕೈಯಲ್ಲಿ ಹೇಳಿ ಕಳಿಸುತ್ತಾರೆ. ‘ಅಮೃತಧಾರಾ’ ಎಂಬ ಔಷಧಿಯ ಒಡೆಯರು ‘ಲಕ್ಷ್ಮಣಧಾರಾ’ ಎಂಬ ಹೆಸರನ್ನು ವಿರೋಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿದ್ದೂ ಇದನ್ನೇ. ಒಂದು ಅಮೃತದ ಧಾರೆ, ಇನ್ನೊಂದು ಲಕ್ಷ್ಮಣನ ಧಾರೆ ಎಂದು ಪದ ಬಿಡಿಸಿ ಅರ್ಥ ನೋಡುತ್ತಾ ಯಾರೂ ಕೊಳ್ಳುವುದಿಲ್ಲ. ಸಾಮಾನ್ಯ ಬುದ್ಧಿಯ, ಅರೆಬರೆ ನೆನಪಿನ ಕೊಳ್ಳುಗನಿಗೆ ಇಡೀ ಹೆಸರು ಹೇಗೆ ಕೇಳಿಸುತ್ತದೆ ಎಂಬುದನ್ನು ನೋಡಬೇಕು. ಎರಡು ಹೆಸರೂ ಗೊಂದಲ ಹುಟ್ಟಿಸುವಷ್ಟು ಹೋಲುತ್ತವೆ ಎಂದೇ ನ್ಯಾಯಾಲಯ ಕಂಡುಕೊಂಡಿತು. ಲಕ್ಷ್ಮಣಧಾರಾ ಬಹುಕಾಲ ಮಾರಾಟವಾಗುತ್ತಿದ್ದರೂ ಅಮೃತಧಾರಾದವರು ಸುಮ್ಮನಿದ್ದ ಕಾರಣ, ಅದಕ್ಕೆ ಉತ್ತರ ಪ್ರದೇಶದ ಮಾರಾಟಕ್ಕೆ ಮಾತ್ರ ನೋಂದಣಿ ಉಳಿಯಿತು. ಹಾಲಿನ ಹೆಸರುಗಳ ಕೊನೆಗೆ ‘ಧಾರೆ’ ಸೇರಿಸುವ ಆಸೆ ಇರುವವರು ಇದನ್ನು ಗಮನಿಸಬೇಕು. ಮೊದಲ ತುಂಡು ಬೇರೆಯಾದ ಮಾತ್ರಕ್ಕೆ ಹೆಸರು ಬೇರೆಯಾಗುವುದಿಲ್ಲ.

ಕನ್ನಡಿಗರಿಗೆ ಹತ್ತಿರದ ಮೊಕದ್ದಮೆ ನಂದಿನಿಯದ್ದು. ಹಾಲು ಮಹಾಮಂಡಳ 1985ರಿಂದ ನಂದಿನಿ ಹೆಸರನ್ನು ಬಳಸುತ್ತಿತ್ತು. ಬೆಂಗಳೂರಿನ ನಂಧಿನಿ ಡಿಲಕ್ಸ್ ಹೋಟೆಲು 1989ರಲ್ಲಿ ಶುರುವಾಯಿತು. ಹೋಟೆಲಿನವರು ಆಹಾರ ಪದಾರ್ಥಗಳಿಗೆ ಹೆಸರು ನೋಂದಾಯಿಸಲು ಹೋದಾಗ ಮಹಾಮಂಡಳ ತಕರಾರು ತೆಗೆಯಿತು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರಲ್ಲಿ ಹೋಟೆಲಿನ ಪರ ತೀರ್ಪಾಯಿತು. ನಂದಿನಿ ಎಂಬುದು ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ದೇವತೆಯ ಮತ್ತು ಹಸುವಿನ ಹೆಸರು ಎಂಬುದು ಒಂದು ಕಾರಣ. ಚಿತ್ರ, ಅಕ್ಷರವಿನ್ಯಾಸ, ವ್ಯಾಪಾರ ಎಲ್ಲವೂ ಬೇರೆ ಎಂಬುದು ಇನ್ನೊಂದು. ಈ ತೀರ್ಪನ್ನು ಅರ್ಧ ಕೇಳಿಸಿಕೊಂಡವರು, ಪುರಾಣದ ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಎಂದುಕೊಳ್ಳುವ ಅಪಾಯವಿದೆ. ಉಳಿದರ್ಧ ಹೀಗಿದೆ: ಆ ನೋಂದಣಿಯಿಂದ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೊರಗಿಡಲಾಯಿತು. ಹೋಟೆಲಿಗೆ ದಕ್ಕಿದ್ದು ತುಪ್ಪದವರಿಗೆ ದಕ್ಕುವುದಿಲ್ಲ. ಪುರಾಣದ ಹೆಸರಿಗೆ ಎರಡೂ ಕಡೆಯ ಅಲಗು. ಇಟ್ಟುಕೊಂಡರೆ ಹಳಬರಿಗೆ ತಾಗುತ್ತದೆ, ತಾಗದೆ ಉಳಿದರೂ ನಾಳೆ ಬೇರೆಯವರು ಬಳಸಿದಾಗ ತಡೆಯುವ ಬಲ ಕಡಿಮೆ.

ಹಾಗಾದರೆ ಶುದ್ಧತೆ ಮತ್ತು ಪರಂಪರೆಯನ್ನು ಹೇಳುವುದು ಹೇಗೆ? ಒಳ್ಳೆಯ ದಾರಿಯೆಂದರೆ ದೇವರ ಕೋಣೆಯಿಂದ ಅಡುಗೆಮನೆಗೆ ಬರುವುದು. ಹಾಲು ತುಪ್ಪವಾಗುವ ಕೆಲಸದ ಸುತ್ತ ಕನ್ನಡದಲ್ಲಿ ಸಮೃದ್ಧ ಶಬ್ದಸಂಪತ್ತಿದೆ. ಕೆನೆ, ಹೆಪ್ಪು, ಗಡಿಗೆ, ಕಡೆಗೋಲು, ಬೆಣ್ಣೆ ಮುದ್ದೆ, ಬೆಕ್ಕಿಗೆ ಸಿಗದಂತೆ ಮೊಸರಿನ ಮಡಕೆಯನ್ನು ತೂಗುಹಾಕುತ್ತಿದ್ದ ನೆಲವು, ಬೆಣ್ಣೆ ಕಾಯಿಸುವಾಗ ಕೊನೆಗೆ ಹಾಕುವ ವೀಳ್ಯದೆಲೆ, ತಣಿದ ಮೇಲೆ ಕಟ್ಟುವ ಹರಳು. ಇವು ಗುಣವನ್ನು ಸಾರಿ ಹೇಳುವುದಿಲ್ಲ, ನೆನಪಿಸುತ್ತವೆ. ಹೀಗೆ ಒಂದು ಹೆಜ್ಜೆ ಯೋಚಿಸಿ ಅರ್ಥ ಮುಟ್ಟಬೇಕಾದ ಪದಗಳನ್ನು ಕಾನೂನು ಬರೀ ವರ್ಣನೆಯ ಪದಗಳಿಗಿಂತ ಗಟ್ಟಿ ಗುರುತೆಂದು ಎಣಿಸುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಶಿರಸಿ ಕಡೆಯ ಒಂದು ಕುಟುಂಬ ಹಾಲಿಗೆ ಹೆಪ್ಪು ಹಾಕಿ, ಮೊಸರು ಕಡೆದು, ಬೆಣ್ಣೆ ಕಾಯಿಸಿ ತುಪ್ಪ ಮಾರಲು ಹೊರಟಿದೆ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು ನಾಲ್ಕರಷ್ಟು. ಹಾಗಾಗಿ ಒಂದು ಕಿಲೋ ತುಪ್ಪಕ್ಕೆ 25ರಿಂದ 30 ಲೀಟರ್ ಹಾಲು ಬೇಕು. ಈ ಶ್ರಮ ಹೆಸರಿನಲ್ಲಿ ಕಾಣಬೇಕೆಂಬುದು ಮನೆಯವರ ಆಸೆ. ಪಟ್ಟಿಯಲ್ಲಿ ಐದು ಹೆಸರುಗಳಿವೆ: ಸುನಂದಿನಿ, ಶುದ್ಧಾಮೃತ, ಕಡೆಗೋಲು, ಹೆಪ್ಪು, ನೆಲವು.

ಸುನಂದಿನಿಯನ್ನು ಮೊದಲೇ ತೆಗೆಯಬೇಕು. ಮುಂದೆ ಒಂದಕ್ಷರ ಸೇರಿಸಿದರೂ ಕಿವಿಗೆ ಉಳಿಯುವುದು ನಂದಿನಿಯೇ. ಶುದ್ಧಾಮೃತದಲ್ಲಿ ಎರಡು ತುಂಡೂ ಹೊಗಳಿಕೆಯದ್ದು, ಜೊತೆಗೆ 3 ಮಿಲಿಮೀಟರ್ ಸೂಚನೆಯ ತಲೆನೋವು.

ಕಡೆಗೋಲು ಕೇಳಲು ಬಲು ಹಿತ. ಆದರೆ ಉಡುಪಿಯ ಕೃಷ್ಣನ ಕೈಯಲ್ಲಿರುವುದು ಕಡಗೋಲು. ಆ ಭಾವನೆ ಈ ಪದಕ್ಕೆ ಅಂಟಿಕೊಂಡಿರುವುದರಿಂದ ಹಾಲಿನ ವ್ಯಾಪಾರದಲ್ಲಿ ಹಲವರಿಗೆ ಇದೇ ಹೊಳೆಯುವ ಸಂಭವ ಹೆಚ್ಚು. ಕಡೆಗೋಲು, ಕಡಗೋಲು ಎರಡು ರೂಪವೂ ಬಳಕೆಯಲ್ಲಿರುವುದರಿಂದ ಒಂದನ್ನು ನೋಂದಾಯಿಸಿದರೆ ಇನ್ನೊಂದರ ಜೊತೆ ಜಗಳ ತಪ್ಪದು. ಇನ್ನೊಂದು ಮಾತು: ಮುಂದೆ ಬೇಡಿಕೆ ಹೆಚ್ಚಿ ಹಾಲಿನಿಂದ ಯಂತ್ರದಲ್ಲಿ ಕೆನೆ ತೆಗೆದು ತುಪ್ಪ ಮಾಡತೊಡಗಿದರೆ, ಆ ಹೆಸರೇ ಸುಳ್ಳಾಗುತ್ತದೆ.

ಹೆಪ್ಪು ಎರಡೇ ಅಕ್ಷರದ ಪದ. ಕೆನೆಯಿಂದಲ್ಲ, ಮೊಸರಿನಿಂದ ಬಂದ ತುಪ್ಪ ಎಂಬುದನ್ನು ಇಷ್ಟು ಚೊಕ್ಕವಾಗಿ ಸೂಚಿಸುವ ಪದ ಇನ್ನೊಂದು ಸಿಗದು. ಆದರೆ ಅದರ ಬಲ ತುಪ್ಪಕ್ಕೆ ಮಾತ್ರ. ನಾಳೆ ಇದೇ ಕುಟುಂಬ ಮೊಸರನ್ನೂ ಮಾರಿದರೆ, ಮೊಸರಿಗೆ ಹೆಪ್ಪು ಎಂಬುದು ಬರೀ ವರ್ಣನೆಯಾಗಿಬಿಡುತ್ತದೆ. ಹಳೆಮೈಸೂರಿನ ಹಳ್ಳಿಗಳಲ್ಲಿ ‘ಹ’ ಕರಗಿ ‘ಎಪ್ಪು’ ಆಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ರೂಪದಲ್ಲಿ ಯಾವ ಹಳೆಯ ಹೆಸರಿಗೆ ತಾಗುತ್ತದೆಂದು ನೋಡಬೇಕು.

ನೆಲವು ಎಂದಾಗ ಕಣ್ಣಿಗೆ ಬರುವುದು ಮೇಲೆ ತೂಗುವ ಮಡಕೆ, ಜೋಪಾನ, ಹಳೆಯ ಮನೆ. ತುಪ್ಪ, ಬೆಣ್ಣೆ, ಮೊಸರು ಮೂರಕ್ಕೂ ಸಲ್ಲುತ್ತದೆ, ಯಾವುದರ ವರ್ಣನೆಯೂ ಅಲ್ಲ. ತಯಾರಿಕೆಯ ವಿಧಾನ ಬದಲಾದರೂ ಸುಳ್ಳಾಗುವುದಿಲ್ಲ. ಅಕ್ಕಪಕ್ಕದ ಭಾಷೆಗಳಲ್ಲೂ ಕೆಟ್ಟ ಅರ್ಥವಿಲ್ಲ: ತೆಲುಗಿನವರಿಗೆ ಅದು ನೆಲೆ, ತಮಿಳಿನವರ ಕಿವಿಗೆ ಚಂದ್ರನ ಹೆಸರಾದ ನಿಲವಿಗೆ ಹತ್ತಿರ. ಊನವೆಂದರೆ, ಪೇಟೆಯ ಎಳೆಯರಿಗೆ ನೆಲವು ಎಂದರೇನೆಂದು ಗೊತ್ತಿಲ್ಲದಿರಬಹುದು. ಲೇಬಲ್ಲಿನ ಮೇಲೆ ಹಗ್ಗದ ಜಾಲರಿಯಲ್ಲಿ ತೂಗುವ ಮಡಕೆಯ ಗೆರೆಚಿತ್ರವೊಂದಿದ್ದರೆ ಆ ಕೊರತೆ ನೀಗುತ್ತದೆ. ಈ ಕುಟುಂಬಕ್ಕೆ ಇದೇ ತಕ್ಕ ಹೆಸರು, ಹುಡುಕಾಟದಲ್ಲಿ ತೇರ್ಗಡೆಯಾದರೆ.

ಆ ಹುಡುಕಾಟವನ್ನು ipindia.gov.in ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಮಾಡಬಹುದು. ಹಾಲು, ತುಪ್ಪ, ಖಾದ್ಯ ಎಣ್ಣೆಗಳು 29ನೇ ವರ್ಗದಲ್ಲಿ ಬರುತ್ತವೆ. ಸಿಹಿತಿಂಡಿ, ಐಸ್ ಕ್ರೀಂ 30ರಲ್ಲಿ ಇರುವುದರಿಂದ ಅಲ್ಲೂ ನೋಡುವುದು ಒಳ್ಳೆಯದು. Nelavu ಎಂದು ಒಮ್ಮೆ ಬರೆದು ನೋಡಿ ಸುಮ್ಮನಾಗಬಾರದು. Neluvu, Nelavoo, Nilavu ಎಂದೂ ಹುಡುಕಬೇಕು, ಉಚ್ಚಾರದ ಹೋಲಿಕೆ ತೋರಿಸುವ ಆಯ್ಕೆಯನ್ನೂ ಬಳಸಬೇಕು. ನೋಂದಣಿ ಇಲ್ಲದೆಯೂ ಮೊದಲಿನಿಂದ ಬಳಸುತ್ತಿರುವವರ ಹಕ್ಕನ್ನು ಕಾಯ್ದೆ ಕಾಪಾಡುತ್ತದೆ. ಆದ್ದರಿಂದ ಸುತ್ತಲ ಜಿಲ್ಲೆಗಳ ಅಂಗಡಿ, ಸಂತೆ, ಆನ್‌ಲೈನ್ ಮಾರುಕಟ್ಟೆಗಳಲ್ಲೂ ವಿಚಾರಿಸಬೇಕು. ಕಂಪನಿಯ ಹೆಸರು ನೋಂದಣಿಯಾಗಿದೆ, ಆಹಾರ ಪರವಾನಗಿ ಸಿಕ್ಕಿದೆ ಎಂದ ಮಾತ್ರಕ್ಕೆ ಬ್ರಾಂಡ್ ಹೆಸರಿನ ಮೇಲೆ ಹಕ್ಕು ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಲೇಬಲ್ಲಿನಲ್ಲಿ ‘ನೆಲವು’ ದೊಡ್ಡದಾಗಿ, ‘ಹಸುವಿನ ತುಪ್ಪ’ ಎಂಬ ಪದಾರ್ಥದ ಹೆಸರು ಬೇರೆಯಾಗಿ ಸ್ಪಷ್ಟವಾಗಿ ಇರಬೇಕು. ಹೆಸರು ಬೇರೆಯಾಗಿದ್ದರೂ ಡಬ್ಬಿಯ ಬಣ್ಣ, ಚಿತ್ರದ ಜಾಗ, ಅಕ್ಷರದ ಓರೆ ಹೆಸರಾಂತ ಡಬ್ಬಿಯನ್ನು ನೆನಪಿಸಿದರೆ ಮೊಕದ್ದಮೆಗೆ ಅದೇ ಸಾಕು.

ಅರ್ಜಿಯ ನಮೂನೆ TM-A. ಒಂದು ವರ್ಗಕ್ಕೆ ಆನ್‌ಲೈನ್ ಶುಲ್ಕ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ™ ಗುರುತು ಬಳಸಬಹುದು. ® ಗುರುತನ್ನು ನೋಂದಣಿಯಾಗುವ ಮೊದಲು ಹಾಕುವುದು ಕಾನೂನುಬಾಹಿರ. ಪರಿಶೀಲನೆ ಮುಗಿದು ಹೆಸರು ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾದ ನಂತರ ತಕರಾರಿಗೆ ನಾಲ್ಕು ತಿಂಗಳ ಗಡುವು. ಯಾರೂ ತಕರಾರು ತೆಗೆಯದಿದ್ದರೆ ನೋಂದಣಿ ಸಿಗುತ್ತದೆ. ಅದು ಅರ್ಜಿ ಹಾಕಿದ ದಿನದಿಂದ ಹತ್ತು ವರ್ಷ ಊರ್ಜಿತ, ಆಮೇಲೆ ಹತ್ತು ಹತ್ತು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಸಾವಿರಾರು ಡಬ್ಬಿಗಳಿಗೆ ಒಮ್ಮೆಗೇ ಲೇಬಲ್ ಅಚ್ಚು ಹಾಕಿಸುವವರು ಆ ನಾಲ್ಕು ತಿಂಗಳು ಕಳೆಯುವವರೆಗೆ ಸಣ್ಣ ಸಣ್ಣ ಕಟ್ಟುಗಳಲ್ಲಿ ಮುದ್ರಿಸಿಕೊಳ್ಳುವುದು ಜಾಣತನ.