ವಿಮಾ ಕಂಪನಿಯ ನಿರಾಕರಣ ಪತ್ರವನ್ನು ಓದುವ ಬಗೆ

ಕಳೆದ ಶ್ರಾವಣದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಒಂದು ಪತ್ರವನ್ನು ಹಿಡಿದು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ಖರ್ಚು 3,80,000 ರೂಪಾಯಿ. ವಿಮಾ ಕಂಪನಿ ಅದನ್ನು ಕೊಡಲು ನಿರಾಕರಿಸಿತ್ತು. ‘ಡಾಕ್ಟರೇ, ನನಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆಯಂತೆ, ನನಗೇ ಗೊತ್ತಿಲ್ಲ’ ಎಂದರು.

ಇಂತಹ ಪತ್ರವನ್ನು ಓದುವಾಗ ಮೊದಲು ಹುಡುಕಬೇಕಾದದ್ದು ಕಾರಣವನ್ನಲ್ಲ, ಷರತ್ತಿನ ಸಂಖ್ಯೆಯನ್ನು. ನಿರಾಕರಿಸುವಾಗ ಪಾಲಿಸಿಯ ಯಾವ ಷರತ್ತಿನ ಮೇರೆಗೆ ಎಂಬುದನ್ನು ಕಂಪನಿ ಸ್ಪಷ್ಟವಾಗಿ ತಿಳಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವಿದೆ. ‘ಪಾಲಿಸಿಯ ನಿಬಂಧನೆಗಳ ಪ್ರಕಾರ’ ಎಂದಷ್ಟೇ ಬರೆದಿದ್ದರೆ ಷರತ್ತನ್ನು ತಿಳಿಸಿರೆಂದು ಲಿಖಿತವಾಗಿ ಕೇಳಬೇಕು. ಬಳಿಕ ಆ ಸಂಖ್ಯೆಯನ್ನು ಹಿಡಿದು ಪಾಲಿಸಿಯ ಪುಸ್ತಿಕೆಯಲ್ಲಿ ಮೂಲ ವಾಕ್ಯವನ್ನೇ ಓದಬೇಕು. ಪತ್ರದಲ್ಲಿರುವುದು ಅದರ ಸಾರಾಂಶ ಮಾತ್ರ.

ನಮ್ಮ ಶಿಕ್ಷಕರ ಪತ್ರದಲ್ಲಿ ಎರಡು ಷರತ್ತುಗಳು ಒಂದೇ ವಾಕ್ಯದಲ್ಲಿ ಬೆರೆತಿದ್ದವು. ಒಂದು, ಪಾಲಿಸಿಗೆ ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿ. ಇನ್ನೊಂದು, ಅರ್ಜಿಯಲ್ಲಿ ರೋಗವನ್ನು ತಿಳಿಸದೆ ಮರೆಮಾಚಿದರೆಂಬ ಆಪಾದನೆ. ಇವೆರಡಕ್ಕೂ ಉತ್ತರ ಬೇರೆ ಬೇರೆ. ಮೊದಲನೆಯದಕ್ಕೆ ಆಸ್ಪತ್ರೆಗೆ ಸೇರಿದ ದಿನಾಂಕ ಮುಖ್ಯ. ಎರಡನೆಯದಕ್ಕೆ ಅರ್ಜಿಗೆ ಸಹಿ ಹಾಕಿದ ದಿನಾಂಕ ಮುಖ್ಯ.

ಅವರ ಪಾಲಿಸಿ 2019ರ ಜೂನ್ 10ರಂದು 3 ಲಕ್ಷ ರೂಪಾಯಿಗೆ ಆರಂಭವಾಗಿ, ಒಮ್ಮೆಯೂ ತಪ್ಪದೆ ನವೀಕರಣವಾಗಿತ್ತು. 2022ರ ಜೂನ್‌ನಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಿದ್ದರು. ಆಸ್ಪತ್ರೆಗೆ ಸೇರಿದ್ದು 2025ರ ಜುಲೈ 14ರಂದು. ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿ ಈಗ 36 ತಿಂಗಳನ್ನು ಮೀರುವಂತಿಲ್ಲ. ಮೂಲ ಮೊತ್ತಕ್ಕೆ 73 ತಿಂಗಳು, ಏರಿಸಿದ ಮೊತ್ತಕ್ಕೆ 37 ತಿಂಗಳು ಕಳೆದಿದ್ದವು. ಆದ್ದರಿಂದ ಸಕ್ಕರೆ ಕಾಯಿಲೆ ಹಳೆಯದೆಂದೇ ಒಪ್ಪಿದರೂ ಮೊದಲ ಷರತ್ತು ನಿಲ್ಲುವುದಿಲ್ಲ.

ಮರೆಮಾಚಿದ ಆಪಾದನೆಗೆ ಮತ್ತೊಂದು ನಿಯಮವಿದೆ, ಮೊರಟೋರಿಯಂ ಎಂಬುದು. ಪಾಲಿಸಿ 60 ತಿಂಗಳು ಎಡೆಬಿಡದೆ ನಡೆದ ಮೇಲೆ, ವಂಚನೆಯನ್ನು ಸಾಬೀತುಪಡಿಸಿದ ಹೊರತು, ಮಾಹಿತಿ ತಿಳಿಸಲಿಲ್ಲವೆಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಹಿಂದೆ ಈ ಅವಧಿ 8 ವರ್ಷವಿತ್ತು. 2024ರಲ್ಲಿ 5 ವರ್ಷಕ್ಕೆ ಇಳಿಯಿತು. ಆದರೆ ಏರಿಸಿದ ಮೊತ್ತಕ್ಕೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಹೀಗಾಗಿ 3 ಲಕ್ಷ ರೂಪಾಯಿಗೆ ರಕ್ಷಣೆಯಿತ್ತು, ಮೇಲಿನ 80,000 ರೂಪಾಯಿಗೆ ಇರಲಿಲ್ಲ. ಕೊಠಡಿ ಬಾಡಿಗೆಯ ಮಿತಿ, ರೋಗಿಯೇ ಭರಿಸಬೇಕಾದ ಪಾಲು ಮುಂತಾದವುಗಳಿಗೂ ಈ ರಕ್ಷಣೆ ಅನ್ವಯಿಸದು.

ಆ 80,000 ರೂಪಾಯಿಗಾಗಿ ‘ಹತ್ತು ವರ್ಷ’ ಎಂಬ ಮಾತನ್ನೇ ಪ್ರಶ್ನಿಸಬೇಕಾಯಿತು. ಆಸ್ಪತ್ರೆಯ ದಾಖಲೆಗಳ ನಕಲನ್ನು ತರಿಸಿ ನೋಡಿದೆ. ದಾಖಲಾದ ರಾತ್ರಿ ಕಿರಿಯ ವೈದ್ಯರು ಗಾಬರಿಗೊಂಡಿದ್ದ ಸೋದರಳಿಯನನ್ನು ಕೇಳಿ ಹಾಗೆ ಬರೆದುಕೊಂಡಿದ್ದರು. ನಾವು ವೈದ್ಯರು ಈ ಅಂಕಿಯನ್ನು ಎಷ್ಟು ಹಗುರವಾಗಿ ಬರೆಯುತ್ತೇವೆಂಬುದು ನನಗೂ ಗೊತ್ತು. ‘ಬಹುಕಾಲದಿಂದ’ ಎಂದು ನಾನೂ ಎಷ್ಟೋ ಬಾರಿ ಗೀಚಿದ್ದೇನೆ. ನನ್ನ ರಿಜಿಸ್ಟರಿನಲ್ಲಿ ಅವರ ಸಕ್ಕರೆ ಮೊದಲು ಏರಿದ್ದು ಕಂಡದ್ದು 2023ರ ಮಾರ್ಚ್‌ನಲ್ಲಿ, ಬರಿಹೊಟ್ಟೆಯಲ್ಲಿ 148. ಅವರ ಮನೆಯಲ್ಲಿದ್ದ 2021ರ ಪ್ರಯೋಗಾಲಯದ ವರದಿಯಲ್ಲಿ ಅದು 92. ಎಂದರೆ ಪಾಲಿಸಿ ಪಡೆದಾಗಲಾಗಲಿ, ಮೊತ್ತ ಏರಿಸಿದಾಗಲಾಗಲಿ ತಿಳಿಸಲು ಅವರಲ್ಲಿ ಗೊತ್ತಾದ ರೋಗವೇ ಇರಲಿಲ್ಲ. ವರದಿಯ ಪ್ರತಿಯೊಂದಿಗೆ, ನನ್ನ ದಾಖಲೆಯನ್ನು ಆಧರಿಸಿ ಪ್ರಮಾಣಪತ್ರ ಬರೆದುಕೊಟ್ಟೆ. ಆಸ್ಪತ್ರೆಯ ಹಾಳೆಯನ್ನು ತಿದ್ದಿಸೋಣವೆಂದು ಸೋದರಳಿಯ ಹೇಳಿದ್ದ; ಬೇಡವೆಂದೆ. ತಿದ್ದಿದ ದಾಖಲೆ ವಂಚನೆಯ ಪುರಾವೆಯಾಗಿಬಿಡುತ್ತದೆ. ಬೇಕಾದರೆ ಚಿಕಿತ್ಸೆ ನೀಡಿದ ವೈದ್ಯರಿಂದ ಬೇರೆ ಹಾಳೆಯಲ್ಲಿ, ಇಂದಿನ ದಿನಾಂಕದೊಂದಿಗೆ ವಿವರಣೆ ಪಡೆಯಬಹುದು.

ಅರ್ಜಿಯ ನಕಲನ್ನೂ ಕೇಳಿ ಪಡೆಯಬೇಕು. ಏಜೆಂಟರು ತಾವೇ ‘ಇಲ್ಲ, ಇಲ್ಲ’ ಎಂದು ತುಂಬಿ ಸಹಿ ಮಾತ್ರ ಪಡೆದಿರುವುದುಂಟು. ರೋಗ ನಿಜವಾಗಿಯೂ ಇದ್ದು, ಬರೆಯದೆ ಬಿಟ್ಟು, 60 ತಿಂಗಳೂ ತುಂಬಿರದಿದ್ದರೆ ವಾದ ದುರ್ಬಲವೆಂದು ರೋಗಿಗೆ ಮೊದಲೇ ಹೇಳಿಬಿಡುವುದು ಲೇಸು.

ಆಕ್ಷೇಪಣೆಯನ್ನು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಒಂದು ವರ್ಷದ ಗಡುವಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅದೇ ವಿಷಯ ಗ್ರಾಹಕ ನ್ಯಾಯಾಲಯದಲ್ಲಿದ್ದರೆ ಅಲ್ಲಿ ದೂರನ್ನು ಸ್ವೀಕರಿಸುವುದಿಲ್ಲ.

ಶಿಕ್ಷಕರು ಒಂದೂವರೆ ಪುಟದ ಪತ್ರ ಬರೆದರು. ಅದರಲ್ಲಿ ಕಷ್ಟಗಳ ವರ್ಣನೆಯಿರಲಿಲ್ಲ. ಷರತ್ತಿನ ಸಂಖ್ಯೆ, ಅದರ ಎದುರು ದಿನಾಂಕ, ಅದರ ಕೆಳಗೆ ದಾಖಲೆ, ಇಷ್ಟೇ. ಕಂಪನಿ 3 ಲಕ್ಷವನ್ನು ಪಾವತಿಸಿತು. ಉಳಿದ 80,000ಕ್ಕಾಗಿ ಅವರು ಒಂಬುಡ್ಸ್‌ಮನ್‌ಗೆ ಬರೆದಿದ್ದಾರೆ. ವಿಚಾರಣೆಗೆ ನನ್ನ ರಿಜಿಸ್ಟರಿನ ಆ ಪುಟದ ಪ್ರತಿಯೂ ಹೋಗಿದೆ.