ಹತ್ತರಲ್ಲಿ ಒಂದು ಪಾಲು ಆರ್ಗಾನ್

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಂಬಗಲ್ಲುಗಳ ಮುಂದೆ ಫೋಟೊ ತೆಗೆಸಿಕೊಳ್ಳದೆ ಮರಳುವುದು ಕಡಿಮೆ. ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕು ಬಿಟ್ಟು, ಐದಾರು ಮುಖಗಳ ಕಂಬಗಳಾಗಿ ನಿಂತ ಕಲ್ಲು ಅದು. ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದ್ದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬೇರೆ ಬೇರೆ ಅಳತೆಗಳನ್ನು ಒಟ್ಟಿಗೆ ನೋಡಿದರೆ ವಯಸ್ಸು ಸುಮಾರು ಒಂಬತ್ತು ಕೋಟಿ ವರ್ಷ. ಆ ಅಳತೆಗಳಲ್ಲಿ ಕೆಲವು ಕಲ್ಲಿನೊಳಗೆ ಸಿಕ್ಕಿಬಿದ್ದ ಆರ್ಗಾನ್ ಅನಿಲವನ್ನು ನೆಚ್ಚಿಕೊಂಡಿವೆ. ಈ ಆರ್ಗಾನ್ ಹುಟ್ಟುವುದು ಪೊಟ್ಯಾಸಿಯಂನಿಂದ. ಆದರೆ ಕ್ಷಯಿಸುವ ಪೊಟ್ಯಾಸಿಯಂ ಎಲ್ಲವೂ ಆರ್ಗಾನ್ ಆಗುವುದಿಲ್ಲ, ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾತ್ರ ಆಗುತ್ತದೆ. ಉಳಿದ ಒಂಬತ್ತು ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಗೆ ಎಂಬುದರ ಮೇಲೆ ಕಲ್ಲಿನ ವಯಸ್ಸು ನಿಂತಿದೆ.

ಬಾಳೆಹಣ್ಣಿನಲ್ಲಿ, ಎಳನೀರಿನಲ್ಲಿ, ನಮ್ಮ ಮಾಂಸಖಂಡಗಳಲ್ಲಿ ಇರುವ ಪೊಟ್ಯಾಸಿಯಂನ ಬಹುಪಾಲು ಸ್ಥಿರವಾದದ್ದು. ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅಂದರೆ ಶೇ. 0.0117ರಷ್ಟು, ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ರೂಪದಲ್ಲಿರುತ್ತದೆ. ಅದರ ನ್ಯೂಕ್ಲಿಯಸ್‌ನಲ್ಲಿ 19 ಪ್ರೋಟಾನ್, 21 ನ್ಯೂಟ್ರಾನ್. ಎರಡೂ ಬೆಸಸಂಖ್ಯೆ, ಎರಡೂ ಜೋಡಿ ತಪ್ಪಿದವು. ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾದರೆ 20–20ರ ಕ್ಯಾಲ್ಸಿಯಂ-40 ಸಿಗುತ್ತದೆ. ಆಗ ಒಂದು ಎಲೆಕ್ಟ್ರಾನ್ ಬೀಟಾ ಕಿರಣವಾಗಿ ಹೊರಚಿಮ್ಮುತ್ತದೆ. ಇದರ ಬದಲು ನ್ಯೂಕ್ಲಿಯಸ್ ತನ್ನದೇ ಪರಮಾಣುವಿನ ಒಳಕವಚದ ಎಲೆಕ್ಟ್ರಾನೊಂದನ್ನು ಸೆರೆಹಿಡಿದರೆ, ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ, 18–22ರ ಆರ್ಗಾನ್-40 ಉಳಿಯುತ್ತದೆ. ಎರಡು ದಾರಿಯಲ್ಲೂ ಶಕ್ತಿ ಇಳಿಯುತ್ತದೆ, ಆದ್ದರಿಂದ ಎರಡೂ ತೆರೆದಿವೆ. ಪಾಸಿಟ್ರಾನ್ ಹೊರಬೀಳುವ ಇನ್ನೊಂದು ಬಗೆಯೂ ಉಂಟು. ಅದು ಒಂದು ಲಕ್ಷದಲ್ಲಿ ಒಂದರ ಲೆಕ್ಕದ್ದಾದ್ದರಿಂದ ಇಲ್ಲಿ ಪಕ್ಕಕ್ಕಿಡಬಹುದು.

ಯಾವ ಪರಮಾಣು ಯಾವ ದಾರಿ ಹಿಡಿಯುತ್ತದೆಂದು ಮೊದಲೇ ಹೇಳಲಾಗದು. ಒಳಗೊಳಗೇ "ಕ್ಯಾಲ್ಸಿಯಂ ಆಗಲಿರುವ" ಒಂದು ಗುಂಪು, "ಆರ್ಗಾನ್ ಆಗಲಿರುವ" ಇನ್ನೊಂದು ಗುಂಪು ಎಂದು ಬೇರೆ ಮಾಡಿಟ್ಟಿರುವುದಿಲ್ಲ. ಎಲ್ಲ ಪೊಟ್ಯಾಸಿಯಂ-40 ಒಂದೇ ತರಹ. ಪ್ರತಿಯೊಂದಕ್ಕೂ ಪ್ರತಿ ಕ್ಷಣ ಎರಡು ಸಾಧ್ಯತೆಗಳು ಎದುರಿಗಿರುತ್ತವೆ, ಒಂದು ದೊಡ್ಡದು, ಇನ್ನೊಂದು ಸಣ್ಣದು. ಇವೆರಡರ ನಡುವಿನ ಪಾಲನ್ನೇ ಕವಲು ಅನುಪಾತ ಎನ್ನುವುದು. ಭೂವಿಜ್ಞಾನಿಗಳು 1977ರಿಂದ ಒಪ್ಪಿಕೊಂಡು ಬಳಸುತ್ತಿರುವ ಅಂಕಿಗಳ ಪ್ರಕಾರ ಕ್ಯಾಲ್ಸಿಯಂ ಕಡೆಗೆ ಶೇ. 89.5, ಆರ್ಗಾನ್ ಕಡೆಗೆ ಶೇ. 10.5.

ಈ ಪಾಲು ಗೊತ್ತಾದದ್ದು ಎಣಿಕೆಯಿಂದ. ಒಂದು ಗ್ರಾಂ ಸಾಧಾರಣ ಪೊಟ್ಯಾಸಿಯಂ ತೆಗೆದುಕೊಂಡರೆ ಅದರಿಂದ ಸೆಕೆಂಡಿಗೆ ಸುಮಾರು 28 ಬೀಟಾ ಕಣಗಳು ಹೊರಡುತ್ತವೆ. ಎಲೆಕ್ಟ್ರಾನ್ ಸೆರೆಯಿಂದ ಹುಟ್ಟಿದ ಆರ್ಗಾನ್ ಸಾಮಾನ್ಯವಾಗಿ ಉದ್ರೇಕಗೊಂಡ ಸ್ಥಿತಿಯಲ್ಲಿರುತ್ತದೆ. ಮರುಗಳಿಗೆಯಲ್ಲೇ 1,461 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಒಂದು ಗ್ಯಾಮಾ ಕಿರಣ ಬಿಟ್ಟು ತಣ್ಣಗಾಗುತ್ತದೆ. ಆ ಗ್ಯಾಮಾ ಕಿರಣಗಳು ಸೆಕೆಂಡಿಗೆ ಸುಮಾರು 3.3. ಎರಡೂ ಸೇರಿ ಗ್ರಾಂಗೆ 31 ಚಿಲ್ಲರೆ ಕ್ಷಯ. ಒಂದು ಗ್ರಾಂನಲ್ಲಿ ಎಷ್ಟು ಪೊಟ್ಯಾಸಿಯಂ-40 ಪರಮಾಣುಗಳಿವೆ ಎಂಬುದು ಗೊತ್ತಿರುವುದರಿಂದ, ವರ್ಷಕ್ಕೆ ಎಷ್ಟನೇ ಒಂದು ಪಾಲು ಕರಗುತ್ತಿದೆ ಎಂದು ಲೆಕ್ಕ ಹಾಕಬಹುದು. ಅಲ್ಲಿಂದ ಬರುವ ಅರ್ಧಾಯು 125 ಕೋಟಿ ವರ್ಷ: ಇಂದು ಇರುವ ಪೊಟ್ಯಾಸಿಯಂ-40ರಲ್ಲಿ ಅರ್ಧ ಕಳೆಯಲು ಬೇಕಾದ ಕಾಲ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಬೀಟಾ ದಾರಿ ಒಂದೇ ಇದ್ದು, ಆರ್ಗಾನ್ ದಾರಿ ಮುಚ್ಚಿದ್ದರೆ ಅರ್ಧಾಯು ಎಷ್ಟಿರುತ್ತಿತ್ತು? ಸೆಕೆಂಡಿನ 28 ಕಣಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 139.7 ಕೋಟಿ ವರ್ಷ ಬರುತ್ತದೆ. ಆರ್ಗಾನ್ ದಾರಿ ಮಾತ್ರ ತೆರೆದಿದ್ದರೆ 1,193 ಕೋಟಿ ವರ್ಷ. ಇವೇ ಆಂಶಿಕ ಅರ್ಧಾಯುಗಳು. ಎರಡೂ ನಿಜವಾದ ಅರ್ಧಾಯುವಿಗಿಂತ ದೊಡ್ಡವು, ಏಕೆಂದರೆ ಒಂದು ದಾರಿಯನ್ನು ಮುಚ್ಚಿದರೆ ಸಂಗ್ರಹ ಕರಗುವುದು ನಿಧಾನವಾಗಲೇಬೇಕು. ಅವುಗಳ ಸಂಬಂಧ ಹೀಗೆ:

1/T = 1/T₁ + 1/T₂

139.7 ಮತ್ತು 1,193ನ್ನು ಹಾಕಿ ನೋಡಿದರೆ T = 125 ಬರುತ್ತದೆ. ಅರ್ಧಾಯುಗಳನ್ನು ನೇರವಾಗಿ ಕೂಡಿಸುವುದಾಗಲಿ, ಸರಾಸರಿ ತೆಗೆಯುವುದಾಗಲಿ ಸಲ್ಲದು. ಕೂಡುವುದು ವೇಗಗಳು ಮಾತ್ರ.

ವಿದ್ಯಾರ್ಥಿಗಳು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆರ್ಗಾನ್‌ನ ಆಂಶಿಕ ಅರ್ಧಾಯು 1,193 ಕೋಟಿ ವರ್ಷ ಎಂದಮೇಲೆ, ಕ್ಯಾಲ್ಸಿಯಂ ಬೇಗಬೇಗ ಹುಟ್ಟಿ ಮುಗಿಯುತ್ತದೆ, ಆರ್ಗಾನ್ ಮಾತ್ರ ಬಹುಕಾಲ ನಿಧಾನಕ್ಕೆ ಹುಟ್ಟುತ್ತಲೇ ಇರುತ್ತದೆ ಎಂದು ಅನ್ನಿಸುವುದು ಸಹಜ. ಅದು ತಪ್ಪು. ತಾರಸಿ ಮೇಲಿನ ನೀರಿನ ಟ್ಯಾಂಕಿಗೆ ಒಂದು ದೊಡ್ಡ ನಲ್ಲಿ, ಒಂದು ಸಣ್ಣ ನಲ್ಲಿ ಇದ್ದು ಎರಡನ್ನೂ ತೆರೆದುಬಿಟ್ಟರೆ, ಮಟ್ಟ ಇಳಿದಂತೆ ಎರಡರ ಧಾರೆಯೂ ಒಟ್ಟಿಗೇ ಸೊರಗುತ್ತದೆ. ಸಣ್ಣ ನಲ್ಲಿಗೆಂದು ಬೇರೆ ನೀರು ಕಾದಿಟ್ಟಿರುವುದಿಲ್ಲ. ಪೊಟ್ಯಾಸಿಯಂ-40ರಲ್ಲೂ ಹಾಗೆಯೇ. 125 ಕೋಟಿ ವರ್ಷ ಕಳೆದರೆ ಬೀಟಾ ಕಣಗಳು 28ರಿಂದ 14ಕ್ಕೆ ಇಳಿಯುತ್ತವೆ, ಗ್ಯಾಮಾ ಕಿರಣಗಳು 3.3ರಿಂದ ಅದರ ಅರ್ಧಕ್ಕೆ. ಯಾವ ಕಾಲದಲ್ಲಿ ಎಣಿಸಿದರೂ ಅವುಗಳ ನಡುವಿನ ಪಾಲು ಬದಲಾಗದು. 1,193 ಕೋಟಿ ವರ್ಷದಲ್ಲಿ ಅರ್ಧವಾಗುವ ಯಾವ ವಸ್ತುವೂ ಇಲ್ಲಿಲ್ಲ. ಆ ಅಂಕಿ ವೇಗವನ್ನು ಹೇಳುವ ಒಂದು ರೀತಿಯಷ್ಟೇ.

ಹಾಗಿದ್ದರೆ ಒಂಬತ್ತು ಪಾಲಿನ ಕ್ಯಾಲ್ಸಿಯಂ ಬಿಟ್ಟು ಒಂದು ಪಾಲಿನ ಆರ್ಗಾನ್ ಹಿಂದೆ ಬೀಳುವುದೇಕೆ? ಕಲ್ಲುಗಳಲ್ಲಿ ಕ್ಯಾಲ್ಸಿಯಂ ಮೊದಲಿನಿಂದಲೂ ಧಾರಾಳವಾಗಿ ಇರುತ್ತದೆ, ಅದರಲ್ಲಿ ಶೇ. 97ರಷ್ಟು ಕ್ಯಾಲ್ಸಿಯಂ-40ನೇ. ಹೊಸದಾಗಿ ಹುಟ್ಟಿದ್ದು ಅದರಲ್ಲಿ ಬೆರೆತು ಗುರುತು ಸಿಗದೆ ಹೋಗುತ್ತದೆ. ಆರ್ಗಾನ್ ಯಾರೊಂದಿಗೂ ಬಂಧ ಬೆಳೆಸದ ಅನಿಲ. ಲಾವಾ ಕುದಿಯುತ್ತಿರುವಾಗ ಇದ್ದಷ್ಟೂ ಹೊರಗೆ ಹಾರಿಹೋಗುತ್ತದೆ. ಕಲ್ಲು ಗಟ್ಟಿಯಾದ ಮೇಲೆ ಹುಟ್ಟಿದ್ದು ಹರಳುಗಳೊಳಗೆ ಸಿಕ್ಕಿಬೀಳುತ್ತದೆ. ಗಡಿಯಾರ ತಾನಾಗಿ ಸೊನ್ನೆಯಿಂದ ಶುರುವಾದಂತಾಯಿತು. ನಾವು ಉಸಿರಾಡುವ ಗಾಳಿಯಲ್ಲಿ ಶೇ. 0.93ರಷ್ಟು ಆರ್ಗಾನ್ ಇರುವುದಕ್ಕೂ ಇದೇ ಕಾರಣ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಪೊಟ್ಯಾಸಿಯಂನಿಂದ ಹುಟ್ಟಿ ನೆಲದಿಂದ ಮೇಲೆ ಬಂದ ಆರ್ಗಾನ್-40. ಜರ್ಮನಿಯ ಭೌತವಿಜ್ಞಾನಿ ವೈಜ್‌ಸ್ಯಾಕರ್ 1937ರಲ್ಲೇ ಹೀಗೆ ಊಹಿಸಿದ್ದರು. 1948ರಲ್ಲಿ ಆಲ್ಡ್ರಿಚ್ ಮತ್ತು ನೀರ್ ಹಳೆಯ ಪೊಟ್ಯಾಸಿಯಂ ಖನಿಜಗಳಲ್ಲಿ ಆ ಆರ್ಗಾನ್ ತುಂಬಿರುವುದನ್ನು ತೋರಿಸಿಕೊಟ್ಟರು.

ಈಗ ಒಂಬತ್ತು ಕೋಟಿ ವರ್ಷದ ಲಾವಾ ಕಲ್ಲೊಂದರ ಲೆಕ್ಕ ಮಾಡಿ ನೋಡಬಹುದು. ಕಲ್ಲು ಹೆಪ್ಪುಗಟ್ಟಿದಾಗ ಅದರಲ್ಲಿ ಒಂದು ಲಕ್ಷ ಪೊಟ್ಯಾಸಿಯಂ-40 ಪರಮಾಣುಗಳಿದ್ದವು ಎಂದಿಟ್ಟುಕೊಳ್ಳೋಣ. ಇಷ್ಟು ಕಾಲದಲ್ಲಿ ಕ್ಷಯಿಸಿದ್ದು 4,866. ಅದರಲ್ಲಿ 4,356 ಕ್ಯಾಲ್ಸಿಯಂ, 510 ಆರ್ಗಾನ್. ಉಳಿದ ಪೊಟ್ಯಾಸಿಯಂ-40 ಇನ್ನೂ 95,134. ಪ್ರಯೋಗಾಲಯದ ಕೈಗೆ ಸಿಗುವುದು ಕೊನೆಯ ಎರಡು ಸಂಖ್ಯೆಗಳ ಅನುಪಾತ ಮಾತ್ರ: ಒಂದು ಸಾವಿರ ಪೊಟ್ಯಾಸಿಯಂ-40ಕ್ಕೆ 5.36 ಆರ್ಗಾನ್.

ಇದರಿಂದ ವಯಸ್ಸು ತೆಗೆಯಲು ಮೊದಲು ಕಣ್ಣಿಗೆ ಬೀಳದ ಕ್ಯಾಲ್ಸಿಯಂ ಪಾಲನ್ನು ಕವಲು ಅನುಪಾತದಿಂದ ತುಂಬಿಕೊಳ್ಳಬೇಕು, ಆಮೇಲೆ ಒಟ್ಟು ಅರ್ಧಾಯುವಾದ 125 ಕೋಟಿಯನ್ನು ಹಚ್ಚಬೇಕು. ಆಗ ಸರಿಯಾಗಿ ಒಂಬತ್ತು ಕೋಟಿ ಬರುತ್ತದೆ. ಕ್ಯಾಲ್ಸಿಯಂ ಕವಲನ್ನು ಮರೆತು, ಹುಟ್ಟಿದ್ದೆಲ್ಲ ಆರ್ಗಾನ್ ಎಂದುಕೊಂಡರೆ ಅದೇ ಅನುಪಾತ 96 ಲಕ್ಷ ವರ್ಷ ಎನ್ನುತ್ತದೆ. ಹತ್ತುಪಟ್ಟು ಹತ್ತಿರದ ತಪ್ಪು; ಯಾರಿಗಾದರೂ ಕಾಣುವಂಥದು.

ಇನ್ನೊಂದು ತಪ್ಪು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಆರ್ಗಾನ್ ದಾರಿಯ ಆಂಶಿಕ ಅರ್ಧಾಯು ಕೈಯಲ್ಲಿದೆಯಲ್ಲ, ಅದನ್ನೇ ಹಚ್ಚಿ ವಯಸ್ಸು ತೆಗೆದರಾಯಿತು ಎಂದು ಮಾಡಿದರೆ 9.2 ಕೋಟಿ ಬರುತ್ತದೆ. ಸರಿಯಾದ ಉತ್ತರಕ್ಕೆ ಎಷ್ಟು ಹತ್ತಿರವೆಂದರೆ, ತಪ್ಪಿದೆಯೆಂಬ ಅನುಮಾನವೂ ಬರಲಿಕ್ಕಿಲ್ಲ. ಎಳೆಯ ಕಲ್ಲಿನಲ್ಲಿ ಪೊಟ್ಯಾಸಿಯಂ ಇನ್ನೂ ಹೆಚ್ಚು ಖರ್ಚಾಗಿಲ್ಲವಾದ್ದರಿಂದ ಇನ್ನೊಂದು ಕವಲು ಅದನ್ನು ಎಷ್ಟು ಕರಗಿಸಿತು ಎಂಬುದು ದೊಡ್ಡ ಮಾತಾಗುವುದಿಲ್ಲ. ಅದೇ ವಿಧಾನವನ್ನು 300 ಕೋಟಿ ವರ್ಷದ ಕಲ್ಲಿಗೆ ಹಚ್ಚಿದರೆ ಬಣ್ಣ ಬಯಲಾಗುತ್ತದೆ. ಅಲ್ಲಿ ಒಂದು ಲಕ್ಷದಲ್ಲಿ ಉಳಿದಿರುವುದು ಸುಮಾರು 19,000, ಹುಟ್ಟಿದ ಆರ್ಗಾನ್ ಸುಮಾರು 8,500. ಪೊಟ್ಯಾಸಿಯಂ ಇಷ್ಟು ಕಡಿಮೆಯಾದದ್ದು ಮುಖ್ಯವಾಗಿ ಕ್ಯಾಲ್ಸಿಯಂ ಕವಲಿನಿಂದ. ಅದನ್ನು ಗಮನಿಸದ ಲೆಕ್ಕ 637 ಕೋಟಿ ವರ್ಷ ಎನ್ನುತ್ತದೆ. ಭೂಮಿಯ ವಯಸ್ಸೇ 454 ಕೋಟಿ.

ಲೆಕ್ಕ ಸರಿಯಿದ್ದರೂ ಕಲ್ಲು ಮೋಸಹೋಗಿರಬಹುದು. ನೆಲದಾಳದಲ್ಲಿ ಮತ್ತೆ ಕಾದ ಕಲ್ಲಿನಿಂದ ಆರ್ಗಾನ್ ಸೋರಿಹೋಗುತ್ತದೆ. ಆಗ ಕಲ್ಲು ತನ್ನ ಹುಟ್ಟಿನ ಬದಲು ಆ ಬಿಸಿಯ ಕಾಲವನ್ನು ಹೇಳುತ್ತದೆ, ಅಥವಾ ಎರಡರ ನಡುವಿನ ಅರ್ಥವಿಲ್ಲದ ಒಂದು ಅಂಕಿಯನ್ನು. ಹೊರಗಿನ ಗಾಳಿಯ ಆರ್ಗಾನ್ ಒಳಹೊಕ್ಕಿದ್ದರೆ ವಯಸ್ಸು ಸುಮ್ಮನೆ ಏರುತ್ತದೆ. ಇದನ್ನು ಪತ್ತೆಹಚ್ಚಲು ಆರ್ಗಾನ್-36 ನೆರವಾಗುತ್ತದೆ. ಅದು ಪೊಟ್ಯಾಸಿಯಂನಿಂದ ಹುಟ್ಟುವುದಿಲ್ಲ, ಗಾಳಿಯಲ್ಲಿ ಮಾತ್ರ ಆರ್ಗಾನ್-40ರ ಜೊತೆ ಸುಮಾರು ಮುನ್ನೂರಕ್ಕೆ ಒಂದರಂತೆ ಇರುತ್ತದೆ. ಮಾದರಿಯಲ್ಲಿ ಆರ್ಗಾನ್-36 ಎಷ್ಟು ಕಂಡಿತೋ ಅದರ ಮುನ್ನೂರು ಪಟ್ಟು ಆರ್ಗಾನ್-40ನ್ನು ಗಾಳಿಯದೆಂದು ಕಳೆದುಬಿಡುತ್ತಾರೆ.

ಇನ್ನು ಕವಲು ಅನುಪಾತದಲ್ಲೇ ಒಂದು ಸಣ್ಣ ಮೂಲೆ ಬಹುಕಾಲ ಕತ್ತಲಲ್ಲಿತ್ತು. ಎಲೆಕ್ಟ್ರಾನ್ ಸೆರೆಯ ಎಣಿಕೆ ನಡೆಯುವುದು ಗ್ಯಾಮಾ ಕಿರಣದ ಗುರುತಿನಿಂದ. ಕೆಲವೇ ಕೆಲವು ಸೆರೆಗಳಲ್ಲಿ ಆರ್ಗಾನ್ ಉದ್ರೇಕಗೊಳ್ಳದೆ ನೇರವಾಗಿ ತಣ್ಣನೆಯ ಸ್ಥಿತಿಗೇ ಬರುತ್ತದೆ. ಅಲ್ಲಿ ಗ್ಯಾಮಾ ಇಲ್ಲ, ಆದರೆ ಆರ್ಗಾನ್ ಹುಟ್ಟಿರುತ್ತದೆ, ಕಲ್ಲಿನ ಗಡಿಯಾರಕ್ಕೆ ಸೇರಿರುತ್ತದೆ. 1977ರ ಅಂಕಿಗಳಲ್ಲಿ ಈ ಪಾಲನ್ನು ಅಳೆಯದೆ, ಸಿದ್ಧಾಂತದ ಮೇಲೆ ಅಂದಾಜು ಮಾಡಿ ಸೇರಿಸಿದ್ದರು. ಅದನ್ನು ಪ್ರಯೋಗದಿಂದಲೇ ಹಿಡಿದದ್ದು ಕೆಡಿಕೆ ಎಂಬ ಅಂತರರಾಷ್ಟ್ರೀಯ ತಂಡ. ಸೆರೆಯಾದಾಗ ಕೆಲವೊಮ್ಮೆ ಹೊರಡುವ ಮಂದವಾದ ಎಕ್ಸ್-ಕಿರಣವನ್ನು ಒಂದು ಸಣ್ಣ ಶೋಧಕದಿಂದ ಗುರುತಿಸಿ, ಅದರ ಸುತ್ತ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಭಾರಿ ಗ್ಯಾಮಾ ಶೋಧಕವನ್ನಿಟ್ಟು, ಯಾವ ಎಕ್ಸ್-ಕಿರಣದ ಜೊತೆಗೆ ಗ್ಯಾಮಾ ಬರಲಿಲ್ಲ ಎಂದು ಅವರು ನೋಡಿದರು. 2023ರಲ್ಲಿ ಪ್ರಕಟವಾದ ಉತ್ತರ: ಒಟ್ಟು ಕ್ಷಯಗಳಲ್ಲಿ ಸಾವಿರಕ್ಕೆ ಒಂದರಷ್ಟು, ಆರ್ಗಾನ್ ಪಾಲಿನಲ್ಲಿ ಸುಮಾರು ನೂರಕ್ಕೆ ಒಂದು. ಒಂಬತ್ತು ಕೋಟಿ ವರ್ಷದ ಕಲ್ಲಿನಲ್ಲಿ ಈ ನೂರನೇ ಒಂದು ಪಾಲನ್ನು ಬಿಟ್ಟುಬಿಟ್ಟರೆ ವಯಸ್ಸು ಎಂಟೊಂಬತ್ತು ಲಕ್ಷ ವರ್ಷ ಆಚೀಚೆಯಾಗುತ್ತದೆ.