ಹಸ್ತಪ್ರತಿ ಮಠದ್ದು, ಚಿತ್ರ ಯಾರದ್ದು?

1859ರ ಸೆಪ್ಟೆಂಬರ್‌ನಲ್ಲಿ ಟಿಷೆನ್‌ಡಾರ್ಫ್ ಎಂಬ ಜರ್ಮನ್ ವಿದ್ವಾಂಸ ಕೈರೋದಲ್ಲಿ ಒಂದು ರಸೀದಿ ಬರೆದುಕೊಟ್ಟ. ಈಜಿಪ್ಟಿನ ಸಿನಾಯ್ ಬೆಟ್ಟದ ತಪ್ಪಲಿನಲ್ಲಿರುವ ಸೇಂಟ್ ಕ್ಯಾಥರೀನ್ ಮಠದಿಂದ ಬೈಬಲ್ಲಿನ ಅತಿ ಹಳೆಯ ಹಸ್ತಪ್ರತಿಗಳಲ್ಲೊಂದನ್ನು ಅವನು ಕಡವಾಗಿ ಒಯ್ಯುತ್ತಿದ್ದ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಚ್ಚು ಹಾಕಿಸುವಾಗ ಮೂಲದೊಡನೆ ಹೋಲಿಸಿ ನೋಡಬೇಕೆಂಬುದು ಕಾರಣ. ಮಠ ಕೇಳಿದ ಕೂಡಲೇ ಹಾನಿಯಿಲ್ಲದೆ ಹಿಂದಿರುಗಿಸುತ್ತೇನೆ ಎಂದು ಮಾತು ಕೊಟ್ಟಿದ್ದ.

ಹಸ್ತಪ್ರತಿ ಮರಳಲಿಲ್ಲ. 1862ರಲ್ಲಿ ಪುಸ್ತಕ ಅಚ್ಚಾಯಿತು. 1869ರಲ್ಲಿ ಮಠದ ಆರ್ಚ್‌ಬಿಷಪ್ ಅದನ್ನು ರಷ್ಯಾಕ್ಕೆ ಕೊಡುವ ದಾನಪತ್ರಕ್ಕೆ ಸಹಿ ಹಾಕಿದರು. ಮಠಕ್ಕೆ 9,000 ರೂಬಲ್ ಸಂದಿತು. 1933ರಲ್ಲಿ ಸೋವಿಯತ್ ಸರ್ಕಾರ ಅದನ್ನೇ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಂದು ಲಕ್ಷ ಪೌಂಡಿಗೆ ಮಾರಿತು. 'ಕೊಡೆಕ್ಸ್ ಸಿನಾಯ್ಟಿಕಸ್' ಎಂಬ ಹೆಸರಿನ ಆ ಹಸ್ತಪ್ರತಿಯ ಹಾಳೆಗಳು ಇಂದು ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯ್, ಹೀಗೆ ನಾಲ್ಕು ಕಡೆ ಹಂಚಿಹೋಗಿವೆ.

ವಿಶ್ವವಿದ್ಯಾಲಯದ ವಿಭಾಗವೊಂದು ಮಠವೊಂದರೊಡನೆ ಕೂಡಿ ಕ್ಷೇತ್ರಕಾರ್ಯ ಮಾಡಲು ಒಡಂಬಡಿಕೆ, ಅಂದರೆ ಎಂಒಯು, ಬರೆಯಲು ಕೂತಾಗ ಮೊದಲು ಓದಬೇಕಾದದ್ದು ಈ ರಸೀದಿಯನ್ನು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಲ್ಲದೇ ಹೋದದ್ದು ಮೂರು ಸಂಗತಿ. ಎಷ್ಟು ದಿನದ ಕಡ ಎಂಬ ಅವಧಿ ಇಲ್ಲ. ಮಠದ ಪರವಾಗಿ 'ಹಿಂದಿರುಗಿಸಿ' ಎಂದು ಕೇಳಬೇಕಾದವರು ಯಾರು ಎಂಬುದಿಲ್ಲ. ಅಚ್ಚಿನ ಕೆಲಸ ಮುಗಿದ ಮೇಲೆ ಏನಾಗಬೇಕು ಎಂಬುದೂ ಇಲ್ಲ. ಸಾಲದ್ದಕ್ಕೆ, ಆ ದಿನಗಳಲ್ಲಿ ಮಠದ ಪೀಠವೇ ಉತ್ತರಾಧಿಕಾರದ ಜಗಳದಲ್ಲಿತ್ತು. ಕಡ ಕೊಟ್ಟ ಕಾಲದ ಹಿರಿಯರು ಬೇರೆ, ಹತ್ತು ವರ್ಷದ ಬಳಿಕ ದಾನಕ್ಕೆ ಸಹಿ ಹಾಕಿದವರು ಬೇರೆ.

ಹಾಗಾಗಿ ಕರಡು ಬರೆಯುವವರ ಮೊದಲ ಕೆಲಸ ಸಹಿ ಯಾರದ್ದು ಎಂದು ಗೊತ್ತುಮಾಡಿಕೊಳ್ಳುವುದು. ನಮ್ಮ ಕಡೆಯ ವಿಶ್ವವಿದ್ಯಾಲಯಗಳಲ್ಲಿ ವಿಭಾಗಕ್ಕೆ ತನ್ನದೇ ಆದ ಕಾನೂನಿನ ಅಸ್ತಿತ್ವವಿಲ್ಲ. ವಿಭಾಗದ ಮುಖ್ಯಸ್ಥರು ಮುತುವರ್ಜಿಯಿಂದ ಕರಡು ತಯಾರಿಸಬಹುದು, ಸಹಿ ಮಾತ್ರ ಸಾಮಾನ್ಯವಾಗಿ ಕುಲಸಚಿವರದ್ದು. ಮಠದ ಕಡೆಯೂ ಇಷ್ಟೇ ಸೂಕ್ಷ್ಮ. ಪೀಠಾಧಿಪತಿಗಳು ಹೂಂ ಎಂದರೆ ಭಕ್ತರಿಗೆ ಅದೇ ಕೊನೆಯ ಮಾತು. ಆದರೆ ಭಂಡಾರ ಇರುವ ಕಟ್ಟಡ ಒಂದು ಟ್ರಸ್ಟಿನ ಹೆಸರಲ್ಲಿ, ಶಾಲೆ ಇನ್ನೊಂದು ಸಂಸ್ಥೆಯ ಹೆಸರಲ್ಲಿ ಇರುವುದುಂಟು. ಸ್ವಾಮೀಜಿಯವರ ಸಮ್ಮತಿಯ ಜೊತೆಗೆ ಟ್ರಸ್ಟಿನ ಠರಾವಿನ ಪ್ರತಿಯನ್ನೂ ಕಾಗದಕ್ಕೆ ಲಗತ್ತಿಸಿದರೆ, ನಾಳೆ ಪೀಠಕ್ಕೆ ಬೇರೆಯವರು ಬಂದರೂ ಕೆಲಸ ನಿಲ್ಲುವುದಿಲ್ಲ, ಹಿಂದಿನವರ ಮಾತಿಗೆ ಹೊಸ ಅರ್ಥ ಕಟ್ಟುವ ಸಂದರ್ಭವೂ ಬರುವುದಿಲ್ಲ.

ಸಿನಾಯ್ ಮಠಕ್ಕೇ ಮರಳೋಣ. ಇಪ್ಪತ್ತನೇ ಶತಮಾನದಲ್ಲಿ ವಿದ್ವಾಂಸರು ಮತ್ತೆ ಅಲ್ಲಿಗೆ ಬಂದರು, ಈ ಬಾರಿ ಒಯ್ಯಲು ಅಲ್ಲ. 1950ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಅಲೆಕ್ಸಾಂಡ್ರಿಯಾದ ವಿಶ್ವವಿದ್ಯಾಲಯದ ಜೊತೆ ಸೇರಿ, ಸುಮಾರು 3,300 ಹಸ್ತಪ್ರತಿಗಳ ಪೈಕಿ ಅರ್ಧದಷ್ಟನ್ನು ಮಠದೊಳಗೇ ಮೈಕ್ರೋಫಿಲ್ಮ್ ಮಾಡಿತು. 1956ರಿಂದ 1965ರವರೆಗೆ ಮಿಷಿಗನ್, ಪ್ರಿನ್ಸ್‌ಟನ್ ಮತ್ತು ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯಗಳ ತಂಡಗಳು ಮಠದ ಕಟ್ಟಡ, ಮೊಸಾಯಿಕ್ ಚಿತ್ರಗಳು ಮತ್ತು ಪ್ರತಿಮಾಪಟಗಳ ಅಧ್ಯಯನಕ್ಕೆ ಹಲವು ಸಲ ಹೋಗಿಬಂದವು. ಕೆಲಸ ದೊಡ್ಡದು, ಫಲ ಬಂದದ್ದು ನಿಧಾನವಾಗಿ: ಕಟ್ಟಡದ ಚಿತ್ರಸಂಪುಟ 1973ರಲ್ಲಿ, ಪ್ರತಿಮಾಪಟಗಳ ಮೊದಲ ಸಂಪುಟ 1976ರಲ್ಲಿ. ಮೊದಲ ತಂಡ ಹೋದಾಗ ತರುಣನಾಗಿದ್ದ ಸನ್ಯಾಸಿ ಅಷ್ಟರಲ್ಲಿ ನಡುವಯಸ್ಸು ಮುಟ್ಟಿರುತ್ತಾನೆ. ಚಿತ್ರಗಳ ಸಂಗ್ರಹ ಉಳಿದದ್ದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ.

ಕ್ಷೇತ್ರಕಾರ್ಯದ ಒಡಂಬಡಿಕೆಗಳಲ್ಲಿ ಹೆಚ್ಚು ಜಾರುವುದು ಇಲ್ಲಿಯೇ. ತಂಡ ಎಲ್ಲಿ ತಂಗುತ್ತದೆ, ಊಟ ಯಾರದ್ದು, ಎಷ್ಟು ಹೊತ್ತಿಗೆ ಭಂಡಾರ ತೆಗೆಯುತ್ತಾರೆ ಎಂಬುದನ್ನು ಎರಡು ಪುಟ ಬರೆಯುತ್ತಾರೆ. ಕೆಲಸದಿಂದ ಹುಟ್ಟುವ ಚಿತ್ರ, ಧ್ವನಿಮುದ್ರಣ, ಪಟ್ಟಿ, ಪುಸ್ತಕ ಯಾರಿಗೆ ಸೇರಬೇಕು ಎಂಬುದಕ್ಕೆ 'ಪರಸ್ಪರ ಸಹಕಾರದಿಂದ ಹಂಚಿಕೊಳ್ಳತಕ್ಕದ್ದು' ಎಂಬ ಒಂದೇ ಸಾಲು. ಆ ಸಾಲು ಏನನ್ನೂ ಹಂಚುವುದಿಲ್ಲ.

ಯಾಕೆಂದರೆ ಕಾಗದ ಸುಮ್ಮನಿದ್ದ ಕಡೆ ಕಾನೂನು ಮಾತಾಡುತ್ತದೆ, ಮತ್ತು ಅದು ಕ್ಯಾಮೆರಾ ಹಿಡಿದವರ ಪರವಾಗಿ ಮಾತಾಡುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ನೌಕರಿಯ ಭಾಗವಾಗಿ ತೆಗೆದದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಕೆಲಸ ಕೊಟ್ಟ ಸಂಸ್ಥೆಗೆ. ಧ್ವನಿಮುದ್ರಣದ ಹಕ್ಕು ಅದನ್ನು ಮಾಡಿಸಿದ ನಿರ್ಮಾಪಕರಿಗೆ. ಹಾಡಿದ, ಪಠಿಸಿದ ವ್ಯಕ್ತಿಗೆ ಪ್ರದರ್ಶಕರ ಹಕ್ಕು ಎಂಬ ಪ್ರತ್ಯೇಕ ರಕ್ಷಣೆ ಇದೆ, ಆದರೆ ಮುದ್ರಣದ ಒಡೆತನ ಅದರಿಂದ ಬರುವುದಿಲ್ಲ. ಎಂಟುನೂರು ವರ್ಷದ ಹಳೆಯ ಗ್ರಂಥಕ್ಕಂತೂ ಕೃತಿಸ್ವಾಮ್ಯವೇ ಇಲ್ಲ. ಹೀಗೆ, ತಾಳೆಗರಿಯನ್ನು ತಲೆಮಾರುಗಳಿಂದ ಕಾಪಾಡಿದ ಮಠಕ್ಕೆ ಗರಿ ಉಳಿಯುತ್ತದೆ, ಲೋಕ ನೋಡುವ ಚಿತ್ರ ವಿಶ್ವವಿದ್ಯಾಲಯದ ಪಾಲಾಗುತ್ತದೆ. ಯಾರೂ ಮೋಸ ಮಾಡಿರುವುದಿಲ್ಲ.

ಇದನ್ನು ತಪ್ಪಿಸುವ ವಾಕ್ಯ ಹೇಗಿರಬೇಕು? ಒಂದು ಉದಾಹರಣೆ ಬರೆದು ನೋಡಬಹುದು. ಕನ್ನಡ ವಿಭಾಗವೊಂದು ಜೈನ ಮಠದ ಭಂಡಾರದ ತಾಳೆಗರಿ ಕಟ್ಟುಗಳನ್ನು ಪಟ್ಟಿ ಮಾಡಿ ಚಿತ್ರ ತೆಗೆಯಲಿದೆ, ಜೊತೆಗೆ ಹಿರಿಯರ ಓದುವಿಕೆಯನ್ನು ಧ್ವನಿಮುದ್ರಿಸಿಕೊಳ್ಳಲಿದೆ ಎಂದುಕೊಳ್ಳಿ. ಕರಡಿನಲ್ಲಿ ಹೀಗೆ ಬರೆಯಬಹುದು: 'ಈ ಕೆಲಸದಲ್ಲಿ ತೆಗೆದ ಎಲ್ಲ ಚಿತ್ರ ಮತ್ತು ಧ್ವನಿಮುದ್ರಣಗಳ ಕೃತಿಸ್ವಾಮ್ಯವನ್ನು ವಿಶ್ವವಿದ್ಯಾಲಯವು ಮಠಕ್ಕೆ, ಕೃತಿಸ್ವಾಮ್ಯದ ಪೂರ್ಣಾವಧಿಗೆ, ಜಗತ್ತಿನಾದ್ಯಂತ ಅನ್ವಯಿಸುವಂತೆ ವರ್ಗಾಯಿಸುತ್ತದೆ. ಮಠವು ವಿಶ್ವವಿದ್ಯಾಲಯಕ್ಕೆ ಬೋಧನೆ ಮತ್ತು ಸಂಶೋಧನೆಗಾಗಿ ಅವನ್ನು ಬಳಸುವ, ಶುಲ್ಕವಿಲ್ಲದ, ಇದೇ ಅವಧಿ ಮತ್ತು ವ್ಯಾಪ್ತಿಯ ಪರವಾನಗಿ ನೀಡುತ್ತದೆ.' ಅವಧಿ ಮತ್ತು ಪ್ರದೇಶವನ್ನು ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣವಿದೆ. ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಅದೇ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಅಂತರಜಾಲದ ಕಾಲದಲ್ಲಿ ಇವೆರಡೂ ಸಾಲವು.

ಇನ್ನೊಂದು ಎಚ್ಚರ: ಎಂಒಯು ಎಂದು ತಲೆಬರಹ ಕೊಟ್ಟ ಕಾಗದ ಎಷ್ಟೋ ಸಲ ಬರೀ ಸದಾಶಯದ ಪತ್ರವಾಗಿ ಉಳಿಯುತ್ತದೆ. ಅದರಲ್ಲೇ 'ಇದು ಕಾನೂನುಬದ್ಧ ಕರಾರಲ್ಲ' ಎಂಬ ವಾಕ್ಯವಿದ್ದರೆ ಹಕ್ಕಿನ ವರ್ಗಾವಣೆ ಅಲ್ಲಿ ನಿಲ್ಲುವುದು ಕಷ್ಟ. ಆದ್ದರಿಂದ ಉತ್ಪನ್ನಗಳ ಭಾಗವನ್ನು ಪ್ರತ್ಯೇಕ ಕರಾರಾಗಿ ಬರೆದು ಎಂಒಯುಗೆ ಜೋಡಿಸುವುದು ಮೇಲು.

ಹಕ್ಕು ಗೊತ್ತಾದರೂ ಬಳಕೆ ಗೊತ್ತಾಗಬೇಕು. ನಕಲು ಮಾಡುವುದು, ಓದುವುದು, ಅಚ್ಚು ಹಾಕುವುದು, ಅಂತರಜಾಲದಲ್ಲಿ ಇಡುವುದು ಎಲ್ಲವೂ ಬೇರೆ ಬೇರೆ ಅನುಮತಿಗಳು. ಇವನ್ನು ಒಂದೇ ಮಾತಿನಲ್ಲಿ ಕೊಟ್ಟರೆ ಏನಾಗುತ್ತದೆಂದು ಕನ್ನಡಿಗರಿಗೆ ದೂರದ ಉದಾಹರಣೆ ಬೇಡ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲಾ, ಜಯಧವಲಾ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಸಿಗುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಗೆ, ಗರಿಗಳು ಹಾಳಾಗುತ್ತಿವೆಯೆಂದು, ಅವನ್ನು ನಕಲು ಮಾಡಿಸುವ ಕೆಲಸ ಶುರುವಾಯಿತು. ಉದ್ದೇಶ ಸಂರಕ್ಷಣೆ. ಆದರೆ ಒಂದು ಪ್ರತಿ ಗುಟ್ಟಾಗಿ ಉತ್ತರ ಭಾರತಕ್ಕೆ ಹೋಯಿತು. ಅಲ್ಲಿಂದ ಹರಡಿದ ನಕಲುಗಳನ್ನು ಆಧರಿಸಿ ಹೀರಾಲಾಲ್ ಜೈನ್ 1939ರಿಂದ ಷಟ್‌ಖಂಡಾಗಮವನ್ನು ಧವಲಾ ಟೀಕೆಯೊಡನೆ ಹದಿನಾರು ಸಂಪುಟಗಳಲ್ಲಿ ಹೊರತಂದರು. ಮುಂದೆ ಮೂಡುಬಿದಿರೆಯ ಮೂಲದೊಡನೆ ಪಾಠ ಹೋಲಿಸಲು ಅವಕಾಶ ದೊರೆಯಿತು. ಜೈನ ವಿದ್ವತ್ತಿಗೆ ಇದರಿಂದ ಆದ ಲಾಭ ಅಪಾರ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಮೂಲವನ್ನು ಕಾಯ್ದ ಊರನ್ನು ಮೊದಲು ಕೇಳಿ, ನಂತರ ಸಂಪಾದಿಸಿದ್ದರೆ ಮೊದಲ ಸಂಪುಟದ ಪಾಠವೇ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಅನುಮತಿಗಳನ್ನು ಬಿಡಿಸಿ ಕೊಡುವುದು ಸಾಧ್ಯ ಎಂದು ತೋರಿಸಿದ್ದು ಮತ್ತೆ ಸಿನಾಯ್ ಮಠವೇ. ಅಲ್ಲಿನ ಹಲವು ಚರ್ಮದ ಹಾಳೆಗಳಲ್ಲಿ ಹಳೆಯ ಬರಹ ಅಳಿಸಿ ಹೊಸದನ್ನು ಬರೆದಿದ್ದಾರೆ. 2011ರಿಂದ ಐದು ವರ್ಷ ಮಠ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಇಎಂಇಎಲ್ ಎಂಬ ಸಂಸ್ಥೆ ಸೇರಿ, ಬೇರೆ ಬೇರೆ ಬಣ್ಣದ ಬೆಳಕಿನಡಿ 74 ಹಸ್ತಪ್ರತಿಗಳ ಸುಮಾರು 6,800 ಪುಟಗಳ ಚಿತ್ರ ತೆಗೆದವು. ಅಳಿಸಿಹೋದ 305 ಪಠ್ಯಗಳು, ಹತ್ತು ಭಾಷೆಗಳಲ್ಲಿ, ಹೀಗೆ ಬೆಳಕಿಗೆ ಬಂದವು. ಒಂದು ಹಾಳೆಯೂ ಮಠದ ಗೋಡೆ ದಾಟಲಿಲ್ಲ. ಉಪಕರಣವೇ ಮರುಭೂಮಿಗೆ ಹೋಯಿತು. ಚಿತ್ರಗಳನ್ನು ವಿಶ್ವವಿದ್ಯಾಲಯ ಅಂತರಜಾಲದಲ್ಲಿ ಓದುಗರಿಗೆ ತೆರೆದಿಟ್ಟಿದೆ, ಅಚ್ಚಿನಲ್ಲಿ ಬಳಸಬೇಕಾದರೆ ಮಠದ ಒಪ್ಪಿಗೆ ಬೇಕು.

ಇಂಥ ಕಲಮು ಬರೆಯುವಾಗ ವಿಭಾಗದ ಕಡೆಗೂ ನ್ಯಾಯ ಸಲ್ಲಬೇಕು. ಮಠ ಓದಿ ಒಪ್ಪಿದ ಮೇಲೆಯೇ ಲೇಖನ ಪ್ರಕಟಿಸಬೇಕು ಎಂಬ ಷರತ್ತಿಗೆ ಯಾವ ಸಂಶೋಧಕಿಯೂ ಒಪ್ಪಬಾರದು. ಗ್ರಂಥದ ಕಾಲವನ್ನು ಪರಂಪರೆ ಹೇಳುವುದಕ್ಕಿಂತ ಇನ್ನೂರು ವರ್ಷ ಈಚೆಗೆ ತರುವ ಸಾಕ್ಷ್ಯ ಸಿಕ್ಕರೆ ಅವಳ ಪಿಎಚ್‌ಡಿ ಅಲ್ಲೇ ಕಟ್ಟಿಬೀಳುತ್ತದೆ. ಇದಕ್ಕೆ ಬಳಕೆಯಲ್ಲಿರುವ ಉಪಾಯ ಸರಳ. ಪ್ರಕಟಣೆಗೆ ಮೂವತ್ತು ದಿನ ಮೊದಲು ಪ್ರತಿಯನ್ನು ಮಠಕ್ಕೆ ಕಳಿಸಬೇಕು. ದೀಕ್ಷಿತರಲ್ಲದವರು ನೋಡಬಾರದ್ದು, ವ್ಯಕ್ತಿಗಳ ಖಾಸಗಿ ವಿವರ, ಕಳ್ಳರಿಗೆ ದಾರಿ ತೋರುವಂಥ ಭಂಡಾರದ ಮಾಹಿತಿ ಇದ್ದರೆ ಅದನ್ನು ತೆಗೆಸುವ ಹಕ್ಕು ಮಠಕ್ಕಿರುತ್ತದೆ. ವಿದ್ವಾಂಸರ ತೀರ್ಮಾನವನ್ನು ತಿದ್ದುವ ಹಕ್ಕು ಇರುವುದಿಲ್ಲ, ಭಿನ್ನಾಭಿಪ್ರಾಯವನ್ನು ಟಿಪ್ಪಣಿಯಾಗಿ ಸೇರಿಸಲು ಜಾಗ ಇರುತ್ತದೆ. ನೋಡಬಾರದ ಗ್ರಂಥಗಳ ಪಟ್ಟಿಯನ್ನು ಕ್ಯಾಮೆರಾ ಬಿಚ್ಚುವ ಮೊದಲೇ ಮಠದವರು ಕೊಟ್ಟುಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಭಿನ್ನಾಭಿಪ್ರಾಯಕ್ಕೆ ಕಾಗದದಲ್ಲಿ ಜಾಗ ಮಾಡುವುದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2005ರ ಮಾರ್ಚ್ 9ರ ಒಪ್ಪಂದ ಸಾಕ್ಷಿ. ಅಂದು ಬ್ರಿಟಿಷ್ ಲೈಬ್ರರಿ, ಲೈಪ್‌ಜಿಗ್ ವಿಶ್ವವಿದ್ಯಾಲಯದ ಗ್ರಂಥಾಲಯ, ರಷ್ಯಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಸೇಂಟ್ ಕ್ಯಾಥರೀನ್ ಮಠ ಕೂಡಿ ಕೊಡೆಕ್ಸ್ ಸಿನಾಯ್ಟಿಕಸ್‌ನ ಹಾಳೆಗಳನ್ನೆಲ್ಲ ಒಂದೇ ತೆರೆಯ ಮೇಲೆ ತರಲು ಒಪ್ಪಿದವು. ಒಡೆತನದ ಪ್ರಶ್ನೆ ಬಗೆಹರಿಯುವವರೆಗೆ ಕಾಯುತ್ತ ಕೂರಲಿಲ್ಲ. ಸಂರಕ್ಷಣೆ, ಚಿತ್ರೀಕರಣ, ಪಠ್ಯದ ನಕಲಿನ ಜೊತೆಗೆ ಹಸ್ತಪ್ರತಿ ಮಠದಿಂದ ಹೊರಹೋದ ಚರಿತ್ರೆಯ ಸಂಶೋಧನೆಯನ್ನೂ ಯೋಜನೆಯ ಭಾಗ ಮಾಡಿಕೊಂಡವು. ನಾಲ್ವರೂ ಒಪ್ಪಿದ ಒಂದೇ ನಿರೂಪಣೆ ತಯಾರಾಯಿತು. ಎಲ್ಲ ಘಟನೆಗಳೂ ಪೂರ್ತಿ ಗೊತ್ತಿಲ್ಲ, ಅವಕ್ಕೆ ಬೇರೆ ಬೇರೆ ವ್ಯಾಖ್ಯಾನ ಸಾಧ್ಯ ಎಂದು ಅದರಲ್ಲೇ ಒಪ್ಪಿಕೊಂಡಿದ್ದಾರೆ. 2009ರ ಜುಲೈನಲ್ಲಿ ಪೂರ್ಣ ಹಸ್ತಪ್ರತಿ ಜಾಲತಾಣಕ್ಕೆ ಬಂತು. 1859ರ ರಸೀದಿಯ ಕಥೆಯೂ ಅದೇ ತಾಣದಲ್ಲಿ ಓದಲು ಸಿಗುತ್ತದೆ.